ಪಾಸ್‌ಬುಕ್ಕಿನ ಬಾಡಿಗೆ, ಕರಾರಿನ ಬಾಡಿಗೆ

ಬೆಂಗಳೂರಿನ ಒಂದು ಕಟ್ಟಡದ ಮಹಡಿಯನ್ನು ಕಂಪನಿಯೊಂದು ಕಚೇರಿಗೆಂದು ಹಿಡಿದಿದೆ ಎಂದುಕೊಳ್ಳೋಣ. ಕರಾರಿನಲ್ಲಿ ಬರೆದಿರುವ ಬಾಡಿಗೆ ತಿಂಗಳಿಗೆ 1,80,000 ರೂಪಾಯಿ. ಮಾಲೀಕರು ಕಳಿಸುವ ಇನ್‌ವಾಯ್ಸ್‌ನ ಕೊನೆಯ ಸಾಲಿನಲ್ಲಿರುವುದು 2,12,400. ಅವರ ಬ್ಯಾಂಕ್ ಖಾತೆಗೆ ಬಂದು ಬೀಳುವುದು 1,94,400. ಒಂದೇ ತಿಂಗಳ ಒಂದೇ ಬಾಡಿಗೆಗೆ ಮೂರು ಅಂಕಿಗಳು, ಮೂರೂ ಸರಿ. ಬಾಡಿಗೆಯ ಮೇಲೆ ಶೇ. 18ರ ಜಿಎಸ್‌ಟಿ, ಅಂದರೆ 32,400 ರೂಪಾಯಿ ಸೇರಿದಾಗ ಎರಡನೆಯ ಅಂಕಿ ಬಂತು. ಅದರಿಂದ ಕಂಪನಿ ಬರೀ ಬಾಡಿಗೆಯ ಶೇ. 10ನ್ನು, ಅಂದರೆ 18,000 ರೂಪಾಯಿಯನ್ನು ಟಿಡಿಎಸ್ ಎಂದು ಹಿಡಿದುಕೊಂಡಾಗ ಮೂರನೆಯದು ಬಂತು. ಮಾಲೀಕರು ಜಿಎಸ್‌ಟಿಯ 32,400ನ್ನು ಸರ್ಕಾರಕ್ಕೆ ಕಟ್ಟಿದ ಮೇಲೆ ಕೈಯಲ್ಲಿ ಉಳಿಯುವುದು 1,62,000. ಅವರ ಪ್ಯಾನ್ ಹೆಸರಿನಲ್ಲಿ ಆದಾಯ ತೆರಿಗೆ ಖಾತೆಗೆ ಜಮೆಯಾದ 18,000ನ್ನು ಇದಕ್ಕೆ ಕೂಡಿಸಿದರೆ ಮತ್ತೆ ಕರಾರಿನ 1,80,000ಕ್ಕೇ ಬಂದು ನಿಲ್ಲುತ್ತೇವೆ.

ಲೆಕ್ಕ ಇಷ್ಟು ಸರಳವಾಗಿದ್ದರೂ ಕಂಪನಿಗಳಿಗೆ ಜಾಗ ಕೊಟ್ಟ ಸಣ್ಣ ಮಾಲೀಕರಲ್ಲಿ ಅನೇಕರು ತಪ್ಪುತ್ತಾರೆ, ಮತ್ತು ಬಹುಮಟ್ಟಿಗೆ ಒಂದೇ ಕಡೆ ತಪ್ಪುತ್ತಾರೆ. ಅವರು ಲೆಕ್ಕ ಶುರು ಮಾಡುವುದು ಪಾಸ್‌ಬುಕ್ಕಿನಿಂದ. ಎಷ್ಟು ಬಂತು, ಯಾವಾಗ ಬಂತು ಎಂದು ನೋಡಿ, ಅದಕ್ಕೆ ಹೊಂದುವಂತೆ ಇನ್‌ವಾಯ್ಸ್ ಬರೆಯುತ್ತಾರೆ, ಇಲ್ಲವೇ ವರ್ಷದ ಕೊನೆಗೆ ಆಡಿಟರ್ ಕೈಯಲ್ಲಿ ಹನ್ನೆರಡನ್ನೂ ಒಟ್ಟಿಗೆ ಬರೆಸುತ್ತಾರೆ. ನನ್ನ ವಾದ ಇದಕ್ಕೆ ವಿರುದ್ಧ ದಿಕ್ಕಿನದು. ಬಾಡಿಗೆಯ ತೆರಿಗೆ ಎರಡು ಸಂಗತಿಗಳ ಮೇಲೆ ನಿಂತಿದೆ: ಕರಾರಿನಲ್ಲಿರುವ ಬರೀ ಬಾಡಿಗೆಯ ಮೊತ್ತ ಮತ್ತು ಅದು ಕೊಡಬೇಕಾದ ತಾರೀಖು. ಹಣ ಎಷ್ಟು ಬಂತು, ಯಾವಾಗ ಬಂತು ಎಂಬುದು ಈ ಎರಡರ ನಂತರದ ಮಾತು. ತಿಂಗಳ ಇನ್‌ವಾಯ್ಸ್ ಎಂದರೆ ಕರಾರಿನ ಈ ಎರಡು ಸಂಗತಿಗಳನ್ನು ಆ ತಿಂಗಳ ಹೆಸರಿನಲ್ಲಿ ಮತ್ತೊಮ್ಮೆ ಬರೆದಿಡುವ ಕಾಗದ. ಹಣ ಬಂತೆಂದು ಕೊಡುವ ರಸೀದಿ ಅದಲ್ಲ.

ಬಾಡಿಗೆಯಂಥ ಸ್ಥಿರಾಸ್ತಿಯ ಆದಾಯಕ್ಕೆ ಸೇವೆಯ ತೆರಿಗೆ ಏಕೆ ಎಂಬ ಪ್ರಶ್ನೆಯನ್ನು ಮೊದಲು ಮುಗಿಸಿಕೊಳ್ಳೋಣ, ಏಕೆಂದರೆ ಈಗಲೂ ಕೆಲವು ಮಾಲೀಕರ ಅಸಮಾಧಾನದ ಬೇರು ಅಲ್ಲೇ ಇದೆ. ವಾಣಿಜ್ಯ ಕಟ್ಟಡದ ಬಾಡಿಗೆಯ ಮೇಲೆ ಸೇವಾ ತೆರಿಗೆ ಬಂದದ್ದು 2007ರ ಜೂನ್ 1ರಿಂದ. ಕಟ್ಟಡವನ್ನು ಸುಮ್ಮನೆ ಬಿಟ್ಟುಕೊಡುವುದರಲ್ಲಿ ಸೇವೆ ಎಲ್ಲಿದೆ ಎಂದು ಚಿಲ್ಲರೆ ವ್ಯಾಪಾರದ ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. 2009ರಲ್ಲಿ ನ್ಯಾಯಾಲಯ ಅವರ ಮಾತನ್ನು ಒಪ್ಪಿತು. ಮರುವರ್ಷವೇ ಸಂಸತ್ತು ಹಣಕಾಸು ಕಾಯ್ದೆಯಲ್ಲಿ ಬಾಡಿಗೆಗೆ ಕೊಡುವುದೂ ಸೇವೆಯೇ ಎಂದು 2007ರಿಂದಲೇ ಅನ್ವಯವಾಗುವಂತೆ ತಿದ್ದಿತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ಚರ್ಚೆಗೆ ಜಾಗವೇ ಉಳಿಯಲಿಲ್ಲ. ಕಟ್ಟಡವನ್ನು ವ್ಯವಹಾರಕ್ಕೆ ಬಾಡಿಗೆಗೆ ಕೊಡುವುದನ್ನು ಸೇವೆಯ ಪೂರೈಕೆ ಎಂದೇ ಕಾಯ್ದೆಯ ಅನುಸೂಚಿ ಹೇಳಿತು. ಹೀಗಾಗಿ ಇವತ್ತು ಒಂದೇ ಬಾಡಿಗೆಯನ್ನು ಎರಡು ಕಾಯ್ದೆಗಳು ಎರಡು ಕಣ್ಣಿನಿಂದ ನೋಡುತ್ತವೆ. ಆದಾಯ ತೆರಿಗೆಯವರಿಗೆ ಅದು ಮಾಲೀಕರ ಆದಾಯ, ಜಿಎಸ್‌ಟಿಯವರಿಗೆ ಕಂಪನಿ ಕೊಂಡ ಸೇವೆಯ ಬೆಲೆ. ಮೊದಲನೆಯದರ ಹೊರೆ ಮಾಲೀಕರದು. ಎರಡನೆಯದರ ಹೊರೆ ಸಾಮಾನ್ಯವಾಗಿ ಯಾರ ಮೇಲೂ ಉಳಿಯುವುದಿಲ್ಲ, ಏಕೆಂದರೆ ನೋಂದಾಯಿತ ಕಂಪನಿ ತಾನು ಕೊಟ್ಟ 32,400ನ್ನು ಇನ್‌ಪುಟ್ ಕ್ರೆಡಿಟ್ ಆಗಿ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ಆದರೆ ಹಾಗೆ ಮುರಿದುಕೊಳ್ಳಲು ಅದರ ಕೈಯಲ್ಲಿ ಸರಿಯಾದ ಇನ್‌ವಾಯ್ಸ್ ಇರಬೇಕು. ಕಂಪನಿಯ ಅಕೌಂಟ್ಸ್ ವಿಭಾಗ ಒಂದು ಅಕ್ಷರ ತಪ್ಪಿದರೂ ಇನ್‌ವಾಯ್ಸ್ ವಾಪಸ್ಸು ಕಳಿಸುವುದು ಕಿರುಕುಳ ಕೊಡಲೆಂದಲ್ಲ.

ಮೊದಲು ಮೊತ್ತದ ವಿಷಯ. ಬಾಡಿಗೆಯ ಟಿಡಿಎಸ್ 1961ರ ಆದಾಯ ತೆರಿಗೆ ಕಾಯ್ದೆಯ 194-ಐ ಸೆಕ್ಷನ್‌ನಲ್ಲಿ ಇತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಸಂಬಳದ್ದನ್ನು ಬಿಟ್ಟು ಉಳಿದ ಟಿಡಿಎಸ್ ನಿಯಮಗಳು 393ನೇ ಸೆಕ್ಷನ್‌ನಡಿ ಒಟ್ಟಾಗಿವೆ. ಕಟ್ಟಡದ ಬಾಡಿಗೆಗೆ ದರ ಶೇ. 10. ಹಿಂದೆ ವರ್ಷಕ್ಕೆ 2,40,000 ರೂಪಾಯಿ ದಾಟಿದರೆ ಹಿಡಿಯಬೇಕಿತ್ತು. 2025ರ ಏಪ್ರಿಲ್ 1ರಿಂದ ತಿಂಗಳಿಗೆ 50,000 ದಾಟಿದರೆ ಹಿಡಿಯಬೇಕು. ಶೇ. 10 ಎಂದರೆ ಯಾವುದರ ಶೇ. 10? ಬಾಡಿಗೆ ಮತ್ತು ಜಿಎಸ್‌ಟಿಯನ್ನು ಬೇರೆ ಬೇರೆಯಾಗಿ ತೋರಿಸಿದ್ದರೆ ಜಿಎಸ್‌ಟಿಯ ಭಾಗದ ಮೇಲೆ ಟಿಡಿಎಸ್ ಹಿಡಿಯಬೇಕಿಲ್ಲ ಎಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 2017ರ ಜುಲೈಯಲ್ಲೇ 23ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. 'ಬೇರೆಯಾಗಿ ತೋರಿಸಿದ್ದರೆ' ಎಂಬ ಮಾತೇ ಇಲ್ಲಿ ಮುಖ್ಯ. 'ಬಾಡಿಗೆ, ಎಲ್ಲ ಸೇರಿ 2,12,400' ಎಂದು ಒಂದೇ ಸಾಲು ಬರೆದ ಇನ್‌ವಾಯ್ಸ್ ಕೈಗೆ ಬಂದರೆ ಕಂಪನಿ ಪೂರ್ತಿ ಮೊತ್ತದ ಮೇಲೆ 21,240 ಹಿಡಿಯುತ್ತದೆ.

ಹಿಡಿದರೆ ನಷ್ಟವೇನು, ಅದೂ ನಮ್ಮ ಹೆಸರಿಗೇ ಜಮೆಯಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಹಣ ಕಳೆದುಹೋಗುವುದಿಲ್ಲ ಎಂಬುದು ನಿಜ. ತಿಂಗಳಿಗೆ 3,240ರಂತೆ ವರ್ಷಕ್ಕೆ 38,880 ರೂಪಾಯಿ ಹೆಚ್ಚಾಗಿ ಹೋಗಿ, ರಿಟರ್ನ್ ಸಲ್ಲಿಸಿದ ಮೇಲೆ ಮರಳಿ ಬರಬಹುದು. ತೊಂದರೆ ಹುಟ್ಟುವುದು ಇನ್ನೊಂದು ಅಂಕಿಯಿಂದ. ಕಂಪನಿ ತನ್ನ ಟಿಡಿಎಸ್ ವಿವರದಲ್ಲಿ ಮಾಲೀಕರಿಗೆ ಕೊಟ್ಟ ಬಾಡಿಗೆ 25,48,800 ಎಂದು ಬರೆಯುತ್ತದೆ. ಮಾಲೀಕರು ರಿಟರ್ನ್‌ನಲ್ಲಿ ತೋರಿಸುವ ಬಾಡಿಗೆ 21,60,000. ಇಲಾಖೆಯ ಕಂಪ್ಯೂಟರ್‌ಗೆ ಈ ನಡುವಿನ 3,88,800 ರೂಪಾಯಿ ಬಚ್ಚಿಟ್ಟ ಆದಾಯದಂತೆ ಕಾಣುತ್ತದೆ. ಅದು ಆದಾಯವಲ್ಲ, ಸರ್ಕಾರಕ್ಕೇ ಕಟ್ಟಿದ ಜಿಎಸ್‌ಟಿ ಎಂದು ಇನ್‌ವಾಯ್ಸ್‌ಗಳನ್ನೆಲ್ಲ ಹರಡಿ ವಿವರಿಸಬೇಕಾಗುತ್ತದೆ. ಇದನ್ನು ಮೊದಲ ತಿಂಗಳೇ ಪತ್ತೆಹಚ್ಚಬಹುದು. ಬ್ಯಾಂಕಿಗೆ 1,94,400ರ ಬದಲು 1,91,160 ಬಂದಿದ್ದರೆ ತಪ್ಪು ಅಲ್ಲೇ ಇದೆ. ಆಗಲೇ ಸುತ್ತೋಲೆಯ ಸಂಖ್ಯೆ ಬರೆದು ಕಂಪನಿಗೆ ಕಳಿಸಿದರೆ ಮುಂದಿನ ಹನ್ನೊಂದು ತಿಂಗಳು ಸರಿಯಾಗುತ್ತವೆ. ಮಾರ್ಚ್‌ವರೆಗೆ ಕಾದರೆ ಕಂಪನಿ ಸಲ್ಲಿಸಿರುವ ಮೂರು ತ್ರೈಮಾಸಿಕ ವಿವರಗಳನ್ನು ತಿದ್ದಬೇಕಾಗುತ್ತದೆ. ಅದಕ್ಕೆ ಯಾವ ಅಕೌಂಟ್ಸ್ ವಿಭಾಗವೂ ಉತ್ಸಾಹ ತೋರಿಸುವುದಿಲ್ಲ.

ಮಾಲೀಕರ ಆದಾಯ ತೆರಿಗೆ ಲೆಕ್ಕವೂ ಬರೀ ಬಾಡಿಗೆಯಿಂದಲೇ ಶುರುವಾಗುತ್ತದೆ. 21,60,000ದಿಂದ ಆ ವರ್ಷ ಪಾಲಿಕೆಗೆ ತಾವು ನಿಜವಾಗಿ ಕಟ್ಟಿದ ಆಸ್ತಿ ತೆರಿಗೆಯನ್ನು, 60,000 ಎಂದಿಟ್ಟುಕೊಳ್ಳೋಣ, ಕಳೆದರೆ 21,00,000. ಅದರಲ್ಲಿ ಶೇ. 30ನ್ನು, ಅಂದರೆ 6,30,000ವನ್ನು, ದುರಸ್ತಿಗೆ ಖರ್ಚು ಮಾಡಿದರೂ ಮಾಡದಿದ್ದರೂ ಕಾಯ್ದೆಯೇ ಬಿಟ್ಟುಕೊಡುತ್ತದೆ. ಕಟ್ಟಡದ ಮೇಲೆ ಸಾಲವಿಲ್ಲದಿದ್ದರೆ ತೆರಿಗೆಗೆ ಒಳಪಡುವುದು 14,70,000. ಕಂಪನಿ ಹಿಡಿದುಕೊಂಡ 2,16,000 ಈ ತೆರಿಗೆಗೆ ಮುಂಗಡವೇ ಹೊರತು ತೆರಿಗೆಯ ಪೂರ್ಣಪಾವತಿಯಲ್ಲ. ಅನಿವಾಸಿ ಮಾಲೀಕರ ಮಾತು ಬೇರೆ. ಅಮೆರಿಕದಲ್ಲೋ ದುಬೈಯಲ್ಲೋ ನೆಲೆಸಿ ಜಯನಗರದಲ್ಲಿ ಕಟ್ಟಡ ಇಟ್ಟುಕೊಂಡವರ ಬಾಡಿಗೆಯಿಂದ ಕಂಪನಿ ಹಿಡಿಯಬೇಕಾದದ್ದು ಶೇ. 10 ಅಲ್ಲ, ಸೆಸ್ ಸೇರಿ ಶೇ. 31.2. ಅವರಿಗೆ 50,000ದ ಮಿತಿಯೂ ಇಲ್ಲ. ತಮ್ಮ ವಾಸಸ್ಥಿತಿ ಬದಲಾದದ್ದನ್ನು ಕಂಪನಿಗೆ ತಿಳಿಸದೆ ಹಳೆಯ ದರದಲ್ಲೇ ನಡೆಯಲು ಬಿಟ್ಟರೆ ಸಿಕ್ಕಿಬೀಳುವುದು ಕಂಪನಿ.

ಇನ್ನು ತಾರೀಖು. ತಕರಾರು ಹೆಚ್ಚಿರುವುದು ಇಲ್ಲಿಯೇ. ಬಾಡಿಗೆ ಒಂದು ದಿನ ಮುಗಿಯುವ ಸೇವೆಯಲ್ಲ. ತಿಂಗಳಿಂದ ತಿಂಗಳಿಗೆ ಹರಿಯುತ್ತ ಹೋಗುವಂಥದ್ದು. ಜಿಎಸ್‌ಟಿ ಕಾಯ್ದೆ ಇದನ್ನು ನಿರಂತರ ಸೇವೆ ಎನ್ನುತ್ತದೆ. ಹಣ ಕೊಡಬೇಕಾದ ದಿನ ಕರಾರಿನಿಂದ ತಿಳಿಯುವಂತಿದ್ದರೆ ಆ ದಿನದೊಳಗೆ ಇನ್‌ವಾಯ್ಸ್ ಕೊಡಬೇಕು ಎಂದು 31(5)ನೇ ಸೆಕ್ಷನ್ ಹೇಳುತ್ತದೆ. 'ಪ್ರತಿ ತಿಂಗಳ ಬಾಡಿಗೆಯನ್ನು ಆ ತಿಂಗಳ 5ರೊಳಗೆ' ಎಂದು ಕರಾರು ಹೇಳಿದರೆ ಏಪ್ರಿಲ್ ಇನ್‌ವಾಯ್ಸ್‌ನ ತಾರೀಖು ಏಪ್ರಿಲ್ 5ನ್ನು ಮೀರುವಂತಿಲ್ಲ. ತಿಂಗಳು ತಿಂಗಳು ರಿಟರ್ನ್ ಸಲ್ಲಿಸುವ ಮಾಲೀಕರು ಮೇ 11ರೊಳಗೆ ಅದನ್ನು ಮಾರಾಟದ ವಿವರದಲ್ಲಿ ತೋರಿಸಿ, ಮೇ 20ರೊಳಗೆ 32,400 ಕಟ್ಟಬೇಕು. ಕಂಪನಿ ಬಾಡಿಗೆ ಕೊಟ್ಟಿದೆಯೋ ಇಲ್ಲವೋ ಎಂಬುದನ್ನು ಕಾಯ್ದೆ ಕೇಳುವುದಿಲ್ಲ.

ಇದು ಅನ್ಯಾಯವಲ್ಲವೇ? ಬಾರದ ಹಣದ ಮೇಲೆ ಕೈಯಿಂದ ತೆರಿಗೆ ಕಟ್ಟುವುದೇಕೆ. ಜುಲೈಯಲ್ಲಿ ಬಾಡಿಗೆ ಬಂದಾಗ ಜುಲೈ ತಾರೀಖಿನ ಇನ್‌ವಾಯ್ಸ್ ಬರೆದರೆ ಆಯಿತಲ್ಲ? ಈ ಆಕ್ಷೇಪಕ್ಕೆ ತೂಕವಿದೆ. ಸಣ್ಣ ಮಾಲೀಕರಿಗೆ ಕಾಯ್ದೆ ಇಲ್ಲಿ ನಿಜಕ್ಕೂ ಕಠಿಣ. ಆದರೂ ಇನ್‌ವಾಯ್ಸ್‌ನ ತಾರೀಖನ್ನು ಮುಂದಕ್ಕೆ ತಳ್ಳುವುದರಿಂದ ತೆರಿಗೆಯ ತಾರೀಖು ಮುಂದೆ ಹೋಗುವುದಿಲ್ಲ. ಸಮಯಕ್ಕೆ ಇನ್‌ವಾಯ್ಸ್ ಕೊಡದಿದ್ದರೆ ಸೇವೆ ಕೊಟ್ಟ ದಿನವನ್ನೇ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತದೆ, ಅಂದರೆ ಏಪ್ರಿಲ್‌ನಿಂದ ಆಚೆ ಹೋಗುವ ದಾರಿಯಿಲ್ಲ. ಜುಲೈ ಇನ್‌ವಾಯ್ಸ್‌ನ ತೆರಿಗೆಯನ್ನು ಆಗಸ್ಟ್ 20ರಂದು ಕಟ್ಟಿದರೆ 92 ದಿನ ತಡ. ವರ್ಷಕ್ಕೆ ಶೇ. 18ರ ಬಡ್ಡಿಯಂತೆ ಸುಮಾರು 1,470 ರೂಪಾಯಿ. ಒಂದು ತಿಂಗಳ ಮಟ್ಟಿಗೆ ದೊಡ್ಡ ಮೊತ್ತವಲ್ಲ. ಆದರೆ ಮೂರು ವರ್ಷ ಹೀಗೇ ನಡೆಸಿದವರಿಗೆ ತಪಾಸಣೆಯ ದಿನ ಮೂವತ್ತಾರು ತಿಂಗಳ ಬಡ್ಡಿ ಒಟ್ಟಿಗೆ ಬರುತ್ತದೆ.

ಸಮಯಕ್ಕೆ ಕೊಟ್ಟ ಇನ್‌ವಾಯ್ಸ್ ತಡಮಾಡುವ ಬಾಡಿಗೆದಾರರ ಮೇಲೆ ಮಾಲೀಕರಿಗೆ ಒಂದು ಹಿಡಿತವನ್ನೂ ಕೊಡುತ್ತದೆ. ಈ ಸಂಗತಿ ಮಾಲೀಕರ ಗಮನಕ್ಕೆ ಬರುವುದು ಕಡಿಮೆ. ಇನ್‌ವಾಯ್ಸ್ ತಾರೀಖಿನಿಂದ 180 ದಿನದೊಳಗೆ ಬಾಡಿಗೆ ಮತ್ತು ತೆರಿಗೆ ಎರಡನ್ನೂ ಕೊಡದ ಕಂಪನಿ, ತಾನು ತೆಗೆದುಕೊಂಡ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ಸು ಕಟ್ಟಬೇಕು. ಈ ಗಡಿಯಾರ ಓಡಲು ಶುರುವಾಗುವುದು ಇನ್‌ವಾಯ್ಸ್‌ನ ತಾರೀಖಿನಿಂದ. ಜುಲೈಯಲ್ಲಿ ಬರೆದರೆ ಜುಲೈಯಿಂದ, ಬರೆಯದೇ ಇದ್ದರೆ ಎಂದೂ ಇಲ್ಲ. ಜೊತೆಗೆ, ಬಾಡಿಗೆಯನ್ನು ಮಾಲೀಕರ ಲೆಕ್ಕಕ್ಕೆ ಜಮೆ ಬರೆದ ದಿನ ಅಥವಾ ಹಣ ಕೊಟ್ಟ ದಿನ, ಯಾವುದು ಮೊದಲೋ ಅಂದು ಕಂಪನಿ ಟಿಡಿಎಸ್ ಹಿಡಿಯಬೇಕು, ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು. ಹಾಗಾಗಿ ಬಾಡಿಗೆ ಬರದಿದ್ದರೂ ಆ ತ್ರೈಮಾಸಿಕದ ಟಿಡಿಎಸ್ ಮಾಲೀಕರ ತೆರಿಗೆ ಖಾತೆಯಲ್ಲಿ ಕಾಣಿಸಿಕೊಂಡರೆ, ಕಂಪನಿ ಇನ್‌ವಾಯ್ಸನ್ನು ಒಪ್ಪಿ ಲೆಕ್ಕಕ್ಕೆ ಹತ್ತಿಸಿದೆ ಎಂದು ಅರ್ಥ. 'ನಿಮ್ಮ ಬಿಲ್ ನಮಗೆ ಬಂದೇ ಇಲ್ಲ' ಎಂಬ ಮಾತನ್ನು ಅದು ಆಮೇಲೆ ಆಡುವಂತಿಲ್ಲ.

ತಡವಾಗಿ ಕೊಡುವುದು ಕಂಪನಿಯ ರೂಢಿಯೇ ಎಂದು ಮೊದಲೇ ಗೊತ್ತಿದ್ದರೆ ಅದಕ್ಕೆ ಪರಿಹಾರ ಕರಾರಿನಲ್ಲಿದೆ. ಏಪ್ರಿಲ್ ಬಾಡಿಗೆಯನ್ನು ಮೇ 10ರೊಳಗೆ ಕೊಡತಕ್ಕದ್ದು ಎಂದು ಬರೆದುಕೊಂಡರೆ ಇನ್‌ವಾಯ್ಸ್ ಮೇ 10ರೊಳಗೆ ಸಾಕು. ಆ ತಾರೀಖಿನ ಇನ್‌ವಾಯ್ಸ್‌ನ ತೆರಿಗೆ ಜೂನ್ 20ಕ್ಕೆ. ಪೂರ್ತಿ ಒಂದು ತಿಂಗಳ ಅವಕಾಶವನ್ನು ನ್ಯಾಯವಾಗಿಯೇ ಪಡೆಯಬಹುದಾದಾಗ ತಾರೀಖು ತಿದ್ದುವ ಗೋಜು ಬೇಕಿಲ್ಲ. ಕರಾರಿಗೆ ಸಹಿ ಹಾಕುವ ದಿನ ಬಾಡಿಗೆಯ ಮೊತ್ತಕ್ಕಾಗಿ ವಾರಗಟ್ಟಲೆ ಚೌಕಾಶಿ ಮಾಡಿದವರೂ ಈ ಒಂದು ಸಾಲನ್ನು ಓದದೆ ಬಿಡುವುದು ಸೋಜಿಗ.

ಮೊತ್ತ ಮತ್ತು ತಾರೀಖು ಸರಿಯಾದ ಮೇಲೆ ಇನ್‌ವಾಯ್ಸ್‌ನಲ್ಲಿ ಉಳಿಯುವ ವಿವರಗಳು ಹೆಚ್ಚಿಲ್ಲ: ಆ ಹಣಕಾಸು ವರ್ಷದಲ್ಲಿ ಅನುಕ್ರಮವಾಗಿ ನಡೆಯುವ, 16 ಅಕ್ಷರ ಮೀರದ ಸಂಖ್ಯೆ, ಇಬ್ಬರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್, ಯಾವ ತಿಂಗಳ, ಯಾವ ಜಾಗದ ಬಾಡಿಗೆ ಎಂಬ ಒಂದು ಸಾಲು, ವಸತಿಯಲ್ಲದ ಕಟ್ಟಡದ ಬಾಡಿಗೆಗಿರುವ 997212 ಎಂಬ ಸೇವಾ ಸಂಕೇತ, ಬಾಡಿಗೆ, ದರ, ತೆರಿಗೆ, ಸಹಿ. ಇದರಲ್ಲಿ ಹೆಚ್ಚು ಎಡವುವುದು ಕಂಪನಿಯ ಜಿಎಸ್‌ಟಿ ನಂಬರಿನಲ್ಲಿ. ಕಂಪನಿಯ ಪ್ರಧಾನ ಕಚೇರಿ ಮುಂಬೈಯಲ್ಲಿದ್ದರೆ ಅಲ್ಲಿಂದ ಬಂದ ಪತ್ರದ ತಲೆಯಲ್ಲಿರುವ 27ರಿಂದ ಶುರುವಾಗುವ ನಂಬರನ್ನೇ ಮಾಲೀಕರು ಇನ್‌ವಾಯ್ಸ್‌ಗೆ ಇಳಿಸುತ್ತಾರೆ. ಆದರೆ ಸ್ಥಿರಾಸ್ತಿಯ ವಿಷಯದಲ್ಲಿ ಸೇವೆಯ ಸ್ಥಳ ಎಂದರೆ ಆಸ್ತಿ ಇರುವ ಸ್ಥಳ. ಕಟ್ಟಡ ಬೆಂಗಳೂರಿನಲ್ಲಿದ್ದು ಮಾಲೀಕರ ನೋಂದಣಿಯೂ ಕರ್ನಾಟಕದ್ದೇ ಆಗಿದ್ದರೆ ತೆರಿಗೆ ಕೇಂದ್ರಕ್ಕೆ 16,200, ರಾಜ್ಯಕ್ಕೆ 16,200 ಎಂದು ಒಡೆಯಬೇಕು. ಆ ರಾಜ್ಯ ತೆರಿಗೆಯ ಕ್ರೆಡಿಟ್ ಮಹಾರಾಷ್ಟ್ರದ ನೋಂದಣಿಗೆ ಸಿಗುವುದಿಲ್ಲ. ಕಂಪನಿಯ ಕರ್ನಾಟಕದ ನಂಬರ್, ಅಂದರೆ 29ರಿಂದ ಶುರುವಾಗುವುದು, ಇನ್‌ವಾಯ್ಸ್‌ನಲ್ಲಿ ಇರಲೇಬೇಕು. ಆ ನೋಂದಣಿ ಇನ್ನೂ ಆಗಿಲ್ಲವಾದರೆ ಕರಾರಿಗೆ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಬೆಂಗಳೂರಿನ ಮಾಲೀಕರಿಗೆ ಹೊಸೂರಿನಲ್ಲೊಂದು ಗೋದಾಮಿದ್ದು, ಅದನ್ನೂ ಕರ್ನಾಟಕದ ನೋಂದಣಿಯಿಂದಲೇ ಬಿಲ್ ಮಾಡಿದರೆ ಆಸ್ತಿ ತಮಿಳುನಾಡಿನದು, ಆದ್ದರಿಂದ ಹಾಕಬೇಕಾದದ್ದು ಐಜಿಎಸ್‌ಟಿ. ಬಾಡಿಗೆದಾರರು ಎಲ್ಲಿಯವರು ಎಂಬುದು ಈ ತೀರ್ಮಾನಕ್ಕೆ ಬರುವುದೇ ಇಲ್ಲ.

ಇನ್ನೊಂದು ಸಣ್ಣ ಎಡವಟ್ಟು ರಿಟರ್ನ್‌ನ ಆವರ್ತನದ್ದು. ವರ್ಷದ ವಹಿವಾಟು 5 ಕೋಟಿಯೊಳಗಿರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸಬಹುದು, ಮಾಲೀಕರಲ್ಲಿ ಬಹಳ ಮಂದಿ ಅದನ್ನೇ ಆರಿಸಿಕೊಳ್ಳುತ್ತಾರೆ. ಆಗ ಏಪ್ರಿಲ್ ಇನ್‌ವಾಯ್ಸ್ ಕಂಪನಿಯ ಪೋರ್ಟಲ್‌ನ 2ಬಿ ಪಟ್ಟಿಯಲ್ಲಿ ಕಾಣಿಸುವುದು ಜುಲೈಯಲ್ಲಿ. ಅಷ್ಟರವರೆಗೆ ಕ್ರೆಡಿಟ್ ಇಲ್ಲ; ಹಾಗಾಗಿ ಅನೇಕ ಕಂಪನಿಗಳು ಬರೀ ಬಾಡಿಗೆ ಕೊಟ್ಟು ಜಿಎಸ್‌ಟಿಯ 32,400ನ್ನು ತಡೆಹಿಡಿಯುತ್ತವೆ. ಮಾಲೀಕರೋ, ಮೂರು ತಿಂಗಳಿಗೊಮ್ಮೆ ರಿಟರ್ನ್ ಎಂದರೂ ತೆರಿಗೆಯ ಹಣವನ್ನು ತಿಂಗಳು ತಿಂಗಳು ಕಟ್ಟುತ್ತಲೇ ಇರುತ್ತಾರೆ. ಇದಕ್ಕೆ ಮದ್ದು ಪೋರ್ಟಲ್‌ನಲ್ಲೇ ಇದೆ. ತ್ರೈಮಾಸಿಕದ ಮೊದಲೆರಡು ತಿಂಗಳ ಇನ್‌ವಾಯ್ಸ್‌ಗಳನ್ನು ಮುಂದಿನ ತಿಂಗಳ 13ರೊಳಗೆ ಬೇರೆಯಾಗಿ ಏರಿಸುವ ಸೌಲಭ್ಯವನ್ನು ಬಳಸಿದರೆ ಕಂಪನಿಗೆ ಕ್ರೆಡಿಟ್ ಆಗಲೇ ಕಾಣುತ್ತದೆ, ತಡೆಹಿಡಿಯಲು ಕಾರಣ ಉಳಿಯುವುದಿಲ್ಲ.

ಇಲ್ಲಿಯವರೆಗಿನ ಮಾತು ನೋಂದಾಯಿತ ಮಾಲೀಕರದು. ಒಂದೇ ಪ್ಯಾನ್‌ನಲ್ಲಿ ವರ್ಷಕ್ಕೆ 20 ಲಕ್ಷ ದಾಟದವರಿಗೆ ನೋಂದಣಿ ಬೇಕಿಲ್ಲ. (ಈ 20 ಲಕ್ಷಕ್ಕೆ ತೆರಿಗೆಯಿಲ್ಲದ ಮನೆ ಬಾಡಿಗೆಯೂ, ಅದೇ ಪ್ಯಾನ್‌ನಲ್ಲಿ ನಡೆಯುವ ಅಂಗಡಿಯ ವಹಿವಾಟೂ ಸೇರುತ್ತವೆ ಎಂಬುದನ್ನು ಮರೆಯುವವರು ಬಹಳ.) ತಿಂಗಳಿಗೆ 1,20,000 ಬಾಡಿಗೆ ಬರುವ ಮಾಲೀಕರ ವರ್ಷದ ಮೊತ್ತ 14,40,000, ಬೇರೇನೂ ಇಲ್ಲದಿದ್ದರೆ ಅವರು ಹೊರಗೇ ಇರಬಹುದು. ಹಿಂದೆ ಇಂಥವರ ಬಾಡಿಗೆಗೆ ಜಿಎಸ್‌ಟಿಯ ಸೋಂಕೇ ಇರಲಿಲ್ಲ. 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದ ಮಾಲೀಕರು ನೋಂದಾಯಿತ ಬಾಡಿಗೆದಾರರಿಗೆ ವಾಣಿಜ್ಯ ಜಾಗ ಕೊಟ್ಟರೆ ತೆರಿಗೆಯನ್ನು ಬಾಡಿಗೆದಾರರೇ ರಿವರ್ಸ್ ಚಾರ್ಜ್‌ನಲ್ಲಿ ಕಟ್ಟಬೇಕು ಎಂದಾಯಿತು. ಮಾಲೀಕರು ಕೊಡುವುದು 1,20,000ದ ಸಾದಾ ಬಿಲ್. ಅದರಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿ ಬರೆದರೂ ಅಪರಾಧ. ಕಂಪನಿ 12,000 ಟಿಡಿಎಸ್ ಹಿಡಿದು 1,08,000 ಕೊಡುತ್ತದೆ. ಮಾಲೀಕರ ಪರವಾಗಿ 30 ದಿನದೊಳಗೆ ತನಗೆ ತಾನೇ ಇನ್‌ವಾಯ್ಸ್ ಬರೆದುಕೊಂಡು 21,600ನ್ನು ನಗದಾಗಿ ಕಟ್ಟಿ, ಆಮೇಲೆ ಕ್ರೆಡಿಟ್ ಪಡೆಯುತ್ತದೆ. ಕಂಪನಿ ಇದನ್ನು ತೋರಿಸಿ 'ನಿಮ್ಮಿಂದ ನಮಗೆ ಶೇ. 18 ಹೆಚ್ಚಾಯಿತು, ಬಾಡಿಗೆ ಇಳಿಸಿ' ಎಂದರೆ ಒಪ್ಪಬೇಕಿಲ್ಲ. ಪೂರ್ಣ ಕ್ರೆಡಿಟ್ ಸಿಗುವ ಕಂಪನಿಗೆ ಹೆಚ್ಚಾದದ್ದು ಕೆಲವು ದಿನ ಹಣ ಸಿಕ್ಕಿಕೊಳ್ಳುವುದಷ್ಟೆ. ಕ್ರೆಡಿಟ್ ಸಿಗದ ಆಸ್ಪತ್ರೆಯಂಥ ಬಾಡಿಗೆದಾರರಿಗಾದರೆ ಆ ಮಾತು ನಿಜ.

ಅಣ್ಣ-ತಮ್ಮ ಇಬ್ಬರೂ ಸೇರಿ ಕಟ್ಟಡದ ಒಡೆಯರಾಗಿದ್ದರೆ? 1,80,000ದಲ್ಲಿ ತಲಾ 90,000; ವರ್ಷಕ್ಕೆ ತಲಾ 10,80,000. ಪತ್ರದಲ್ಲಿ ಇಬ್ಬರ ಪಾಲೂ ಸ್ಪಷ್ಟವಾಗಿದ್ದು, ಕರಾರು, ಬಿಲ್ ಮತ್ತು ಪಾವತಿ ಮೂರೂ ಇಬ್ಬರ ಹೆಸರಿನಲ್ಲಿ ಬೇರೆ ಬೇರೆ ನಡೆದರೆ 20 ಲಕ್ಷದ ಮಿತಿ ಇಬ್ಬರಿಗೂ ಬೇರೆ ಬೇರೆ ಎಂಬ ವಾದ ಗಟ್ಟಿಯಾಗಿ ನಿಲ್ಲುತ್ತದೆ. 'ಅಣ್ಣನ ಹೆಸರಿಗೆ ಕೊಡಿ, ನಾವು ಮನೆಯಲ್ಲಿ ಹಂಚಿಕೊಳ್ಳುತ್ತೇವೆ' ಎಂದರೆ ಎಲ್ಲ 21,60,000ವೂ ಅಣ್ಣನ ವಹಿವಾಟಾಗುತ್ತದೆ. ಇದಲ್ಲದೆ ಇತ್ತೀಚೆಗೆ ಇನ್ನೊಂದು ವಾದವೂ ಕೇಳಿಬರುತ್ತಿದೆ. ಪೂರ್ತಿ ತೆರಿಗೆಯನ್ನು ಕೊಳ್ಳುವವರೇ ಕಟ್ಟುವಂಥ ಪೂರೈಕೆಯನ್ನು ಮಾತ್ರ ಮಾಡುವವರಿಗೆ ನೋಂದಣಿ ಬೇಡ ಎಂಬ 2017ರ ಅಧಿಸೂಚನೆಯನ್ನು ಹಿಡಿದು, 30 ಲಕ್ಷ ಬಾಡಿಗೆ ಬರುವವರೂ ನೋಂದಾಯಿತ ಕಂಪನಿಗಳಿಗಷ್ಟೇ ಜಾಗ ಕೊಟ್ಟಿದ್ದರೆ ನೋಂದಣಿ ಇಲ್ಲದೆ ಇರಬಹುದು ಎಂಬುದು ಆ ವಾದ. ಪದಗಳನ್ನು ಮಾತ್ರ ನೋಡಿದರೆ ಇದು ನಿಲ್ಲುವಂತೆ ಕಾಣುತ್ತದೆ. ಆದರೆ ಇದರಲ್ಲೊಂದು ಸುತ್ತು ಇದೆ: ಮಾಲೀಕರು ನೋಂದಾಯಿಸಿಕೊಳ್ಳದೆ ಇರುವುದರಿಂದ ತೆರಿಗೆ ಕಂಪನಿಯ ಮೇಲೆ, ತೆರಿಗೆ ಕಂಪನಿಯ ಮೇಲಿರುವುದರಿಂದ ಮಾಲೀಕರಿಗೆ ನೋಂದಣಿ ಬೇಡ. ಇಂಥ ಸುತ್ತನ್ನು ನಂಬಿ ವರ್ಷಗಟ್ಟಲೆ ಇನ್‌ವಾಯ್ಸ್ ಕೊಡದೆ ಕೂರುವುದಕ್ಕಿಂತ ನೋಂದಾಯಿಸಿಕೊಂಡು ತಿಂಗಳಿಗೊಂದು ಕಾಗದ ಬರೆಯುವುದೇ ಕಡಿಮೆ ಅಪಾಯದ್ದು ಎಂದು ನನಗನ್ನಿಸುತ್ತದೆ.

ಕೊನೆಗೆ ನಮ್ಮ ಊರಿನದೇ ಒಂದು ಪದದ ತೊಡಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟನ್ನು ಮೊದಲೇ ಇಸಿದುಕೊಂಡು ಅದನ್ನು 'ಅಡ್ವಾನ್ಸ್' ಎನ್ನುತ್ತೇವೆ. ಜಾಗ ಬಿಟ್ಟ ದಿನ ಹಿಂದಿರುಗಿಸಬೇಕಾದ ಈ ಹಣ ನಿಜವಾಗಿ ಠೇವಣಿ. ಜಿಎಸ್‌ಟಿಯ ಭಾಷೆಯಲ್ಲಿ ಅಡ್ವಾನ್ಸ್ ಎಂದರೆ ಮುಂದಿನ ಸೇವೆಗೆ ಮುಂಗಡವಾಗಿ ಕೊಟ್ಟ ಬೆಲೆ. ಸೇವೆಯ ಮುಂಗಡ ಕೈಗೆ ಬಂದ ದಿನವೇ ಅದರ ಮೇಲೆ ತೆರಿಗೆ ಬೀಳುತ್ತದೆ. ಠೇವಣಿಯನ್ನಾದರೋ ಮಾಲೀಕರು ಬಾಡಿಗೆಗೆ ವಜಾ ಹಾಕಿಕೊಳ್ಳುವವರೆಗೂ ಕಾಯ್ದೆ ಬೆಲೆ ಎಂದು ನೋಡುವುದಿಲ್ಲ. ಕರಾರಿನಲ್ಲಿ 'ಬಾಡಿಗೆ ಅಡ್ವಾನ್ಸ್ 18,00,000' ಎಂದಷ್ಟೇ ಬರೆದಿದ್ದರೆ ಅದು 3,24,000ದ ತೆರಿಗೆಯ ಪ್ರಶ್ನೆಗೆ ಬಾಗಿಲು ತೆರೆದಿಟ್ಟಂತೆ. 'ಹಿಂದಿರುಗಿಸತಕ್ಕ ಬಡ್ಡಿರಹಿತ ಭದ್ರತಾ ಠೇವಣಿ' ಎಂದು ಬರೆದರೆ ಆ ಪ್ರಶ್ನೆ ಏಳುವುದಿಲ್ಲ.

ಈ ಠೇವಣಿಯೇ ಕರಾರಿನ ಕೊನೆಯಲ್ಲಿ ಬಾಡಿಗೆಯಾಗುವುದು ಸಾಮಾನ್ಯ. ಕಂಪನಿ ನೋಟಿಸ್ ಕೊಟ್ಟು, 'ಕೊನೆಯ ಎರಡು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ, 14,40,000 ಹಿಂದಿರುಗಿಸಿ' ಎನ್ನುತ್ತದೆ. ಹಣ ಬಾರದ ತಿಂಗಳಿಗೆ ಇನ್‌ವಾಯ್ಸ್ ಏಕೆಂದು ಮಾಲೀಕರು ಸುಮ್ಮನಿರುತ್ತಾರೆ. ಪಾಸ್‌ಬುಕ್ಕಿನಿಂದ ಲೆಕ್ಕ ಕಟ್ಟುವ ಅಭ್ಯಾಸಕ್ಕೆ ಹೆಚ್ಚು ಬೆಲೆ ತೆರುವುದು ಇಲ್ಲಿ. ಆ ಎರಡು ತಿಂಗಳೂ ಕರಾರಿನ ತಾರೀಖಿಗೆ ತಲಾ 2,12,400ರ ಇನ್‌ವಾಯ್ಸ್ ಹೋಗಬೇಕು. ಒಟ್ಟು 4,24,800ರಲ್ಲಿ ಕಂಪನಿ 36,000 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಉಳಿದ 3,88,800ನ್ನು ಮಾಲೀಕರು ಠೇವಣಿಯಲ್ಲಿ ವಜಾ ಹಾಕಿಕೊಂಡು 14,11,200 ಹಿಂದಿರುಗಿಸಬೇಕು. ಕಂಪನಿ ಕೇಳಿದ ಮೊತ್ತಕ್ಕೂ ಇದಕ್ಕೂ ಇರುವ 28,800ರ ಅಂತರ ಮಾಲೀಕರು ಕಟ್ಟಬೇಕಾದ 64,800ರ ಜಿಎಸ್‌ಟಿಯಿಂದ ಟಿಡಿಎಸ್ ಕಳೆದದ್ದು. ಒಡೆದ ಗಾಜಿಗೋ ಮುರಿದ ಬಾಗಿಲಿಗೋ ಪರಿಹಾರವೆಂದು ಠೇವಣಿಯಿಂದ ಹಿಡಿದುಕೊಂಡದ್ದು ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಹಾನಿಗೆ ಪಡೆದ ಪರಿಹಾರ ಸೇವೆಯ ಬೆಲೆಯಲ್ಲ ಎಂದು 2022ರ ಆಗಸ್ಟ್‌ನ ಜಿಎಸ್‌ಟಿ ಸುತ್ತೋಲೆ ಹೇಳಿದೆ. ಆ ಮೊತ್ತವನ್ನು ಬಾಡಿಗೆಯ ಇನ್‌ವಾಯ್ಸ್‌ಗೆ ಸೇರಿಸದೆ ಬೇರೆ ಕಾಗದದಲ್ಲಿ ಬರೆದು, ಬೀಗದ ಕೈ ಪಡೆಯುವ ಮೊದಲು ಕಂಪನಿಯ ಸಹಿ ಹಾಕಿಸಿಕೊಳ್ಳಬೇಕು.